ಹುಲ್ಲೊಳಗಿನ ಟ್ರಾಮ್ ಹಳಿ: ಮುಕ್ಕಾಲು ಪಾಲು ಬಿಂದುಗಳು ತಪ್ಪಿದ್ದರೂ ಗೆರೆ ಎಳೆಯೋದು ಹೇಗೆ?

ಇವತ್ತಿನ ಮಾತು ರ‍್ಯಾನ್ಸ್ಯಾಕ್ ಬಗ್ಗೆ. ಲೀಸ್ಟ್ ಸ್ಕ್ವೇರ್ಸ್ ಬಗ್ಗೆ ನಿಮಗೆ ಗೊತ್ತಿದೆ ಅಂತ ಇಟ್ಟುಕೊಂಡು ಶುರು ಮಾಡ್ತೀನಿ. ಅಂದರೆ ಒಂದಷ್ಟು ಬಿಂದುಗಳಿವೆ, ಅವುಗಳ ನಡುವೆ ಒಂದು ಗೆರೆ ಎಳೀಬೇಕು, ಪ್ರತಿ ಬಿಂದುವಿಗೂ ಗೆರೆಗೂ ಇರುವ ದೂರದ ವರ್ಗಗಳ ಮೊತ್ತ ಆದಷ್ಟೂ ಕಡಿಮೆ ಇರಬೇಕು. ಪಿಯುಸಿ ಲ್ಯಾಬಿನಲ್ಲಿ ಲೋಲಕದ ಗ್ರಾಫ್‌ಗೆ ಕಣ್ಣಳತೆಯಲ್ಲಿ ಗೆರೆ ಎಳೀತಿದ್ವಲ್ಲ, ಅದನ್ನೇ ಲೆಕ್ಕ ಹಾಕಿ ಮಾಡೋದು. ಬಿಂದುಗಳು ಅಲ್ಪಸ್ವಲ್ಪ ಅತ್ತಿತ್ತ ಆಗಿದ್ದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತೆ. ಆದರೆ ನೂರರಲ್ಲಿ ಎಪ್ಪತ್ತೈದು ಬಿಂದುಗಳಿಗೂ ನಿಮಗೆ ಬೇಕಾದ ಗೆರೆಗೂ ಸಂಬಂಧವೇ ಇಲ್ಲದಿದ್ದರೆ?

ಇದು ಪುಸ್ತಕದ ಪ್ರಶ್ನೆ ಅಲ್ಲ. ನಾನು ಕೆಲಸದ ಮೇಲೆ ಕೋಲ್ಕತ್ತಾದಲ್ಲಿದ್ದೇನೆ. ಇಲ್ಲಿ 1902ರ ಮಾರ್ಚ್ 27ರಂದು ಊರಿನ ಮೊದಲ ಎಲೆಕ್ಟ್ರಿಕ್ ಟ್ರಾಮ್ ಓಡಿದ್ದು ಎಸ್‌ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ. ಅದಕ್ಕೂ ಮೊದಲು ಕುದುರೆ ಟ್ರಾಮ್ ಇತ್ತು. ಈ ಖಿದಿರ್‌ಪುರ ಲೈನ್ ಮೈದಾನದ ಹಸಿರಿನ ನಡುವೆ ಹೋಗುತ್ತಿತ್ತು. 2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತ ಬಂದು ಮರ, ತಂತಿ ಎಲ್ಲ ಬಿದ್ದ ಮೇಲೆ ಅಲ್ಲಿ ಟ್ರಾಮ್ ನಿಂತುಹೋಯಿತು. ಓಡದ ಹಳಿಗೆ ಹುಲ್ಲು, ಮಣ್ಣು ಮುಚ್ಚಿಕೊಳ್ಳೋಕೆ ಬಹಳ ವರ್ಷ ಬೇಕಾಗಲ್ಲ.

ನನ್ನ ಸ್ನೇಹಿತರೊಬ್ಬರು ಹಳೇ ಟ್ರಾಮ್ ದಾರಿಗಳ ನಕ್ಷೆ ಮಾಡುತ್ತಿದ್ದಾರೆ. ಅವರಿಗೆ ಬೇಕಿದ್ದದ್ದು ಇಷ್ಟು: ಒಂದು ಕಡೆ 30 ಮೀಟರ್ ಉದ್ದ ಹಳಿ ಬಿಟ್ಟುಬಿಟ್ಟು ಕಾಣುತ್ತೆ, ಆಮೇಲೆ 12 ಮೀಟರ್ ಪೂರ್ತಿ ಮುಚ್ಚಿಹೋಗಿದೆ. ಕಾಣುವ ಭಾಗದಿಂದ ಕಾಣದ ಭಾಗದ ಜಾಗ ಹೇಳಬೇಕು. ಅರ್ಧ ಮೀಟರ್ ತಪ್ಪಿದರೂ ನಕ್ಷೆಯಲ್ಲಿ ಹಳಿ ಇಲ್ಲದ ಕಡೆ ಹಳಿ ಇದೆ ಅಂತಾಗುತ್ತೆ. ಮುಂದೆ ಯಾರಾದರೂ ಆ ನಕ್ಷೆ ನಂಬಿ ಅಲ್ಲಿ ಪೈಪಿಗೋ ಕೇಬಲ್ಲಿಗೋ ಅಗೆದರೆ ಹಾರೆ ಕಬ್ಬಿಣಕ್ಕೆ ತಾಗುತ್ತೆ.

ಉದ್ದನೆ ಬಿದಿರಿಗೆ ಫೋನ್ ಕಟ್ಟಿ ಮೇಲಿನಿಂದ ಫೋಟೋ ತೆಗೆದು, ಜೋಡಿಸಿ, ನೆಲದ ಮೇಲೆ ಟೇಪಿನಿಂದ ಅಳೆದ ಗುರುತುಗಳಿಗೆ ಹೊಂದಿಸಿದ್ವಿ. ಹಾಗಾಗಿ ಪ್ರತಿ ಬಿಂದುವಿನ ಜಾಗ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. 30 ಮೀಟರ್ ಉದ್ದ, 6 ಮೀಟರ್ ಅಗಲದ ಚಿತ್ರ. ಅದರಲ್ಲಿ ಅಂಚುಗಳನ್ನು ಹುಡುಕುವ ಪ್ರೋಗ್ರಾಂ ಓಡಿಸಿದಾಗ 600 ಬಿಂದುಗಳು ಬಂದವು. ನಿಮಗೆ ತೋರಿಸಬೇಕು ಅಂತ ಕೂತು ಕೈಯಲ್ಲೇ ವಿಂಗಡಿಸಿದೆ. ಎಡ ಹಳಿಯ ಒಳ ಅಂಚಿನ ಮೇಲೆ 150, ಬಲ ಹಳಿಯ ಒಳ ಅಂಚಿನ ಮೇಲೆ 130. ಮಿಕ್ಕ 320 ಬಿಂದುಗಳು ಹುಲ್ಲು, ಇಟ್ಟಿಗೆ ಚೂರು, ಮರದ ನೆರಳು, ಜನ ನಡೆದು ಸವೆದ ಕಾಲುದಾರಿಯ ಅಂಚು, ಇಂಥವು.

ಈ 600ಕ್ಕೂ ಒಟ್ಟಿಗೆ ಲೀಸ್ಟ್ ಸ್ಕ್ವೇರ್ಸ್ ಹಾಕಿದರೆ ಏನಾಗುತ್ತೆ ಅಂತ ಮೊದಲು ಸ್ಲೈಡ್‌ನಲ್ಲಿ ನೋಡಿ. ಗೆರೆ ಎಡ ಹಳಿಯ ಮೇಲೂ ಇಲ್ಲ, ಬಲ ಹಳಿಯ ಮೇಲೂ ಇಲ್ಲ. ಎರಡರ ನಡುವೆ, ಕಾಲುದಾರಿ ಕಡೆಗೆ ಸ್ವಲ್ಪ ಓರೆಯಾಗಿ ಹೋಗಿದೆ. ಈ ಕಡೆ ತುದಿಯಲ್ಲಿ ಎಡ ಹಳಿಯಿಂದ ಅರ್ಧ ಮೀಟರ್ ದೂರ, ಆ ಕಡೆ ತುದಿಯಲ್ಲಿ ಒಂದು ಮೀಟರ್‌ಗಿಂತ ಜಾಸ್ತಿ. ಸರಿ, ಗೆರೆಗೆ ಬಹಳ ದೂರ ಇರುವ ಬಿಂದುಗಳನ್ನು ತೆಗೆದುಹಾಕಿ ಮತ್ತೆ ಎಳೆಯೋಣ ಅಂತ ಯಾರಿಗಾದರೂ ಅನ್ನಿಸುತ್ತೆ. ಇಲ್ಲಿ ಅದು ನಡೆಯಲ್ಲ. ಎಡ ಹಳಿ ತನ್ನ ಕಡೆಗೆ ಎಳೆಯುತ್ತೆ, ಬಲ ಹಳಿ ತನ್ನ ಕಡೆಗೆ ಎಳೆಯುತ್ತೆ, ಗೆರೆ ನಡುವೆಯೇ ನಿಲ್ಲುತ್ತೆ. ತೆಗೆದುಹಾಕಿದ ಬಿಂದುಗಳು ಕೆಟ್ಟವು ಅಂತ ತೀರ್ಮಾನ ಮಾಡಿದ್ದು ಯಾರು? ಆ ತಪ್ಪು ಗೆರೆಯೇ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ.

1981ರಲ್ಲಿ ಮಾರ್ಟಿನ್ ಫಿಶ್ಲರ್ ಮತ್ತು ರಾಬರ್ಟ್ ಬೋಲ್ಸ್ ಅಂತ ಇಬ್ಬರು, ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಇಂಟರ್‌ನ್ಯಾಷನಲ್ ಸಂಸ್ಥೆಯವರು, ಈ ದಾರಿಯನ್ನೇ ತಿರುಗಿಸಿಟ್ಟರು. ಅವರ ಮುಂದಿದ್ದ ಸಮಸ್ಯೆ ವಿಮಾನದಿಂದ ತೆಗೆದ ಚಿತ್ರ ಮತ್ತು ನಕ್ಷೆಗೆ ಸಂಬಂಧಿಸಿದ್ದು: ಚಿತ್ರದಲ್ಲಿ ಕಾಣುವ ಗುರುತುಗಳಿಂದ ಕ್ಯಾಮೆರಾ ಎಲ್ಲಿತ್ತು ಅಂತ ಕಂಡುಹಿಡಿಯೋದು. ಅದರಲ್ಲಿ ಕೆಲವು ಗುರುತುಗಳನ್ನು ತಪ್ಪಾಗಿಯೇ ಗುರುತಿಸಿರುತ್ತೆ. ಅವರು ಹೇಳಿದ್ದು, ಎಲ್ಲಾ ಬಿಂದುಗಳನ್ನು ತಗೊಂಡು ಆಮೇಲೆ ಕಡಿಮೆ ಮಾಡುತ್ತಾ ಹೋಗಬೇಡಿ. ಗೆರೆಗೆ ಎಷ್ಟು ಬೇಕೋ ಅಷ್ಟೇ, ಅಂದರೆ ಎರಡೇ ಬಿಂದು, ಚೀಟಿ ಎತ್ತಿದ ಹಾಗೆ ಎತ್ತಿಕೊಳ್ಳಿ. ಅವೆರಡರ ಮೂಲಕ ಗೆರೆ ಎಳೆಯಿರಿ. ಮಿಕ್ಕವರಲ್ಲಿ ಎಷ್ಟು ಜನ ಈ ಗೆರೆಗೆ ಒಪ್ಪುತ್ತಾರೆ ಅಂತ ಎಣಿಸಿ. ಮತ್ತೆ ಎರಡು ಎತ್ತಿ, ಮತ್ತೆ ಎಣಿಸಿ. ಅತಿ ಹೆಚ್ಚು ಒಪ್ಪಿಗೆ ಸಿಕ್ಕ ಗೆರೆ ಗೆದ್ದ ಹಾಗೆ.

ಒಪ್ಪೋದು ಅಂದರೆ ಏನು ಅಂತ ಮೊದಲೇ ಹೇಳಿಕೊಳ್ಳಬೇಕು. ನಮ್ಮ ಅಳತೆಯಲ್ಲಿ ನಿಜವಾದ ಹಳಿ ಬಿಂದುಗಳೂ ಸುಮಾರು ಒಂದೂವರೆ ಸೆಂಟಿಮೀಟರ್ ಅತ್ತಿತ್ತ ಇರುತ್ತವೆ, ಅದು ಸ್ಟ್ಯಾಂಡರ್ಡ್ ಡೀವಿಯೇಷನ್. ಅದರ ಎರಡರಷ್ಟು, 3 ಸೆಂಟಿಮೀಟರ್, ಮಿತಿ ಅಂತ ಇಟ್ಟೆ. ಆಗ ಸರಿಯಾದ ಗೆರೆ ಸಿಕ್ಕರೆ ಹಳಿಯ ಬಿಂದುಗಳಲ್ಲಿ ನೂರಕ್ಕೆ ತೊಂಬತ್ತೈದು ಒಳಗೆ ಬರುತ್ತವೆ.

ಈ ಮಿತಿಯನ್ನು ಉದಾರವಾಗಿ ಇಡೋಣ ಅನ್ನೋ ಆಸೆ ಬರುತ್ತೆ, ಅಲ್ಲೊಂದು ಹೊಂಡ ಇದೆ. ಕೋಲ್ಕತ್ತಾ ಟ್ರಾಮ್‌ನದು ಸ್ಟ್ಯಾಂಡರ್ಡ್ ಗೇಜ್, ಹಳಿಗಳ ನಡುವೆ 1.435 ಮೀಟರ್. ಅದರ ಅರ್ಧ ಸುಮಾರು 72 ಸೆಂಟಿಮೀಟರ್. ಮಿತಿಯನ್ನು 80 ಸೆಂಟಿಮೀಟರ್ ಮಾಡಿದಿರಿ ಅನ್ನಿ. ಹುಲ್ಲಿನ ಯಾವುದೋ ಎರಡು ಬಿಂದು ಎತ್ತಿದಾಗ ಹಳಿಗಳ ಸರಿ ನಡುವೆ ಒಂದು ಗೆರೆ ಬಂದರೆ, ಎಡ ಹಳಿಯ 150, ಬಲ ಹಳಿಯ 130, ಎಲ್ಲವೂ ಅದಕ್ಕೆ ಓಟು ಹಾಕುತ್ತವೆ! ನಿಜವಾದ ಹಳಿಗಿಂತ ಇಲ್ಲದ ಹಳಿಗೇ ಹೆಚ್ಚು ಮತ. ಹಾಗಾಗಿ ಎಣಿಕೆ ಅನ್ನೋದು ತಾನಾಗಿ ನಮ್ಮನ್ನು ಕಾಪಾಡಲ್ಲ. ಮಿತಿ ಅಳತೆಯ ದೋಷದಿಂದ ಬರಬೇಕು, ನಮ್ಮ ಔದಾರ್ಯದಿಂದ ಅಲ್ಲ.

ಈಗ ಮುಖ್ಯ ಪ್ರಶ್ನೆ, ಎಷ್ಟು ಸಲ ಚೀಟಿ ಎತ್ತಬೇಕು?

ಎಡ ಹಳಿಯನ್ನೇ ತಗೊಳ್ಳಿ. 600ರಲ್ಲಿ 150, ಅಂದರೆ ಒಂದು ಬಿಂದು ಎತ್ತಿದರೆ ಅದು ಎಡ ಹಳಿಯದ್ದಾಗಿರುವ ಸಂಭವ ಕಾಲು. ಇದನ್ನು `w` ಅನ್ನೋಣ. ಎರಡೂ ಅದರದ್ದೇ ಆಗಿರುವ ಸಂಭವ ಕಾಲು ಇಂಟು ಕಾಲು, ಹದಿನಾರರಲ್ಲಿ ಒಂದು. ಹಾಗಾದರೆ ಹದಿನಾರು ಸಲ ಎತ್ತಿದರೆ ಸಾಕಲ್ವಾ? ಸಾಲದು. ಹದಿನಾರು ಅನ್ನೋದು ಸರಾಸರಿ. ಲೂಡೋ ಆಡುವಾಗ ಆರು ಸಲ ದಾಳ ಹಾಕಿದರೂ ಒಂದು ಆರು ಬೀಳದೆ ಕೂತಿರುತ್ತೀವಲ್ಲ, ಹಾಗೆ. ಒಂದು ಸಲ ವಿಫಲ ಆಗುವ ಸಂಭವ 15/16. ಹದಿನಾರು ಸಲವೂ ವಿಫಲ ಆಗುವ ಸಂಭವ 15/16ನ್ನು ಹದಿನಾರು ಸಲ ಗುಣಿಸಿದಷ್ಟು, ಸುಮಾರು 0.36. ಮೂರು ಸಲ ಪ್ರೋಗ್ರಾಂ ಓಡಿಸಿದರೆ ಒಂದು ಸಲ ಒಂದೂ ಒಳ್ಳೆ ಜೋಡಿ ಕಾಣದೆ ಮುಗಿದಿರುತ್ತೆ.

ಆದ್ದರಿಂದ ಪ್ರಶ್ನೆಯನ್ನು ಹೀಗೆ ಕೇಳಬೇಕು: ಒಂದಾದರೂ ಶುದ್ಧ ಜೋಡಿ ಸಿಕ್ಕಿರಬೇಕು ಅನ್ನೋದಕ್ಕೆ ನನಗೆ ಎಷ್ಟು ಖಾತ್ರಿ ಬೇಕು? ಆ ಖಾತ್ರಿಯನ್ನು `p` ಅನ್ನೋಣ. `N` ಸಲವೂ ವಿಫಲ ಆಗುವ ಸಂಭವ `1 - p`ಗಿಂತ ಹೆಚ್ಚಿರಬಾರದು. ಎರಡೂ ಕಡೆ ಲಾಗ್ ತಗೊಂಡರೆ ಸೂತ್ರ ತಾನೇ ಬರುತ್ತೆ:

```
N = log(1 - p) / log(1 - w^n)
```

ಇಲ್ಲಿ `n` ಅಂದರೆ ಒಂದು ಸಲಕ್ಕೆ ಎತ್ತುವ ಬಿಂದುಗಳ ಸಂಖ್ಯೆ, ಗೆರೆಗೆ ಎರಡು. `w` 0.25, `p` 0.99 ಹಾಕಿದರೆ 71.4 ಬರುತ್ತೆ, ಅಂದರೆ 72 ಸಲ. 600 ಬಿಂದುಗಳಲ್ಲಿ ಸುಮಾರು ಒಂದು ಲಕ್ಷ ಎಂಬತ್ತು ಸಾವಿರ ಜೋಡಿಗಳಿವೆ. ಅದರಲ್ಲಿ 72 ನೋಡಿದರೆ ಸಾಕು ಅಂತ ಸೂತ್ರ ಹೇಳುತ್ತಿದೆ. ಗಮನಿಸಿ, ಸೂತ್ರದಲ್ಲಿ 600 ಅನ್ನೋ ಸಂಖ್ಯೆಯೇ ಇಲ್ಲ. ಆರು ಲಕ್ಷ ಬಿಂದುಗಳಿದ್ದರೂ ಪಾಲು ಕಾಲೇ ಆಗಿದ್ದರೆ 72 ಸಲವೇ. ಪ್ರತಿ ಸಲ ಎಣಿಸುವ ಕೆಲಸ ಮಾತ್ರ ಹೆಚ್ಚುತ್ತೆ.

ಸೂತ್ರದ ಸ್ವಭಾವ ಸ್ವಲ್ಪ ನೋಡೋಣ. `p` ಹೆಚ್ಚಿಸೋದು ಅಗ್ಗ. 99 ಸಾಲದು, 99.99 ಬೇಕು ಅಂದರೆ 143 ಸಲ. ಖಾತ್ರಿ ನೂರು ಪಟ್ಟು ಹೆಚ್ಚಾಯಿತು, ಕೆಲಸ ಎರಡು ಪಟ್ಟು ಮಾತ್ರ. ನೀವು ಇಂಥ ಇನ್ನೂರು ತುಣುಕು ದಾರಿಗೆ ಇದನ್ನು ಓಡಿಸುವವರಾದರೆ 0.99 ಇಡಬೇಡಿ, ಇಟ್ಟರೆ ಎರಡು ತುಣುಕಿನಲ್ಲಿ ತಪ್ಪು ನಿರೀಕ್ಷಿಸಿ. `w` ಇಳಿಯೋದು ಮಾತ್ರ ದುಬಾರಿ. ಕಾಲು ಇದ್ದದ್ದು ಅದರರ್ಧ, ಎಂಟರಲ್ಲಿ ಒಂದು ಆದರೆ 293 ಸಲ, ನಾಲ್ಕು ಪಟ್ಟು. ಇನ್ನೂ ದುಬಾರಿ `n`. ಅದೇ ಕಾಲು ಪಾಲು ಇಟ್ಟುಕೊಂಡು ನಾಲ್ಕು ಬಿಂದು ಬೇಕಾಗುವ ಲೆಕ್ಕಕ್ಕೆ 1,177 ಸಲ, ಎಂಟು ಬಿಂದು ಬೇಕಾದರೆ ಮೂರು ಲಕ್ಷ ದಾಟುತ್ತೆ. ಹಾಗಾಗಿಯೇ ಗೆರೆಗೆ ಮೂರು ಬಿಂದು ಎತ್ತಿ ಇನ್ನೂ ಗಟ್ಟಿ ಮಾಡೋಣ ಅನ್ನೋ ಯೋಚನೆ ಇಲ್ಲಿ ಸಲ್ಲದು. ಕನಿಷ್ಠ ಎಷ್ಟೋ ಅಷ್ಟೇ.

ಇಷ್ಟು ಎಲ್ಲ ಪುಸ್ತಕದಲ್ಲೂ ಸಿಗುತ್ತೆ. ಈಗ ಹೇಳೋದು ಸಾಮಾನ್ಯವಾಗಿ ಸಣ್ಣಕ್ಷರದಲ್ಲಿ ಹೋಗಿಬಿಡುತ್ತೆ. ನನ್ನ ಮಟ್ಟಿಗೆ ಇವತ್ತಿನ ಮಾತಿನ ತಿರುಳು ಇದೇ.

ಈ ಸೂತ್ರ ಎಣಿಸೋದು ಶುದ್ಧ ಜೋಡಿಯನ್ನು. ಶುದ್ಧ ಜೋಡಿ ಅಂದ ಮಾತ್ರಕ್ಕೆ ಒಳ್ಳೆ ಜೋಡಿ ಅಲ್ಲ! ಎಡ ಹಳಿಯ ಮೇಲಿನ ಎರಡು ಬಿಂದು ಸಿಕ್ಕವು, ಆದರೆ ಅವುಗಳ ನಡುವೆ ಒಂದೇ ಮೀಟರ್ ದೂರ ಅಂತ ಇಟ್ಟುಕೊಳ್ಳಿ. ಎರಡೂ ಒಂದೂವರೆ ಸೆಂಟಿಮೀಟರ್ ಅತ್ತಿತ್ತ ಇರಬಹುದು. ಹಾಗಾಗಿ ಗೆರೆಯ ಓರೆ ಪ್ರತಿ ಮೀಟರಿಗೆ ಸುಮಾರು 2 ಸೆಂಟಿಮೀಟರ್ ತಪ್ಪಬಹುದು. ಹದಿನೈದು ಮೀಟರ್ ಮುಂದೆ ಹೋದರೆ 30 ಸೆಂಟಿಮೀಟರ್ ಆಚೆ. ನಮ್ಮ ಮಿತಿ 3 ಸೆಂಟಿಮೀಟರ್. ಗೆರೆ ಹಳಿಯನ್ನು ಕತ್ತರಿ ಹಾಕಿದ ಹಾಗೆ ದಾಟಿ ಹೋಗುತ್ತೆ, ಅಕ್ಕಪಕ್ಕದ ಕೆಲವೇ ಬಿಂದುಗಳ ಒಪ್ಪಿಗೆ ಸಿಗುತ್ತೆ. ಮೋಟುಗೋಲಿನಿಂದ ಉದ್ದನೆ ಗೆರೆ ಎಳೆದ ಹಾಗೆ ಇದು. ಸೂತ್ರದ ಪ್ರಕಾರ ಇದು ಯಶಸ್ಸು. ಎಣಿಕೆಯ ಪ್ರಕಾರ ಸೋಲು.

ಹಾಗಾದರೆ ಎಷ್ಟು ದೂರ ಇರಬೇಕು? ಎರಡು ಬಿಂದುಗಳ ನಡುವೆ 10 ಮೀಟರ್ ಇದ್ದರೆ ಓರೆಯ ತಪ್ಪು ಮೀಟರಿಗೆ 2 ಮಿಲಿಮೀಟರ್. 20 ಮೀಟರ್ ಆಚೆ 4 ಸೆಂಟಿಮೀಟರ್. ಮಿತಿಯನ್ನು ಸ್ವಲ್ಪ ದಾಟುತ್ತೆ, ಆದರೆ ಬಹುಪಾಲು ಹಳಿ ಒಳಗೆ ಸಿಗುತ್ತೆ. 30 ಮೀಟರ್ ಉದ್ದದಲ್ಲಿ ಸಮನಾಗಿ ಹರಡಿದ ಬಿಂದುಗಳಿಂದ ಎರಡು ಎತ್ತಿದರೆ, ಅವು 10 ಮೀಟರ್‌ಗಿಂತ ದೂರ ಇರುವ ಸಂಭವ ಮೂರರಲ್ಲಿ ಎರಡರ ವರ್ಗ, ಅಂದರೆ 4/9. ಹದಿನಾರರಲ್ಲಿ ಒಂದನ್ನು ಇದರಿಂದ ಗುಣಿಸಿದರೆ 36ರಲ್ಲಿ ಒಂದು. ಸೂತ್ರಕ್ಕೆ ಇದನ್ನು ಹಾಕಿ ನೋಡಿ, 72 ಅಲ್ಲ, 164 ಸಲ ಬೇಕು. ಎರಡು ಪಟ್ಟಿಗೂ ಹೆಚ್ಚು. "ಸೂತ್ರ ಹೇಳಿದಷ್ಟು ಸಲ ಓಡಿಸಿದೆ, ಆದರೂ ಸಲ ಸಲಕ್ಕೂ ಉತ್ತರ ಬೇರೆ ಬರುತ್ತೆ" ಅಂತ ಜನ ಹೇಳೋದಕ್ಕೆ ಬಹಳ ಸಲ ಕಾರಣ ಇದೇ.

ಇದಕ್ಕೆ ಒಂದು ಉಪಾಯ ಇದೆ. ಚೀಟಿ ಎತ್ತೋದು ಅಗ್ಗ, 600 ಬಿಂದುಗಳ ಒಪ್ಪಿಗೆ ಎಣಿಸೋದೇ ಖರ್ಚು. ಎತ್ತಿದ ಎರಡು ಬಿಂದು 10 ಮೀಟರ್‌ಗಿಂತ ಹತ್ತಿರ ಇದ್ದರೆ ಎಣಿಸದೆ ಬಿಟ್ಟುಬಿಡಿ, ಆ ಸಲವನ್ನು ಲೆಕ್ಕಕ್ಕೂ ಹಿಡಿಯಬೇಡಿ. ಆಗ ಎಣಿಸಿದ ಸಲಗಳಲ್ಲಿ ಒಳ್ಳೆಯವುಗಳ ಪಾಲು ಮತ್ತೆ ಹದಿನಾರರಲ್ಲಿ ಒಂದರ ಆಸುಪಾಸಿಗೆ ಬರುತ್ತೆ.

ಇನ್ನೊಂದು ತೊಡಕು ನಿಮಗೆ ಆಗಲೇ ಹೊಳೆದಿರಬಹುದು. `w` ಕಾಲು ಅಂತ ನನಗೆ ಗೊತ್ತಾಗಿದ್ದು ಕೈಯಲ್ಲಿ ವಿಂಗಡಿಸಿದ್ದರಿಂದ. ಅದು ಗೊತ್ತಿದ್ದಿದ್ದರೆ ಈ ಕಸರತ್ತೇ ಬೇಕಿರಲಿಲ್ಲ. ಅದಕ್ಕೆ ಮಾಡೋದು, ಈವರೆಗಿನ ಅತ್ಯುತ್ತಮ ಎಣಿಕೆಯನ್ನೇ `w`ನ ಅಂದಾಜು ಅಂತ ಹಿಡಿಯೋದು, ಎಣಿಕೆ ಏರಿದ ಹಾಗೆ `N` ಇಳಿಸುತ್ತಾ ಹೋಗೋದು. ಕೋಡ್ ಇಷ್ಟೇ:

```python
import numpy as np

def ransac_line(P, t=0.03, p=0.99, dmin=10.0, seed=0):
    rng = np.random.default_rng(seed)
    best = np.zeros(len(P), bool)
    k, N = 0, 5000
    while k < N:
        a, b = P[rng.choice(len(P), 2, replace=False)]
        d = b - a
        L = np.hypot(d[0], d[1])
        if L < dmin:
            continue
        k += 1
        r = np.abs(d[0]*(P[:,1]-a[1]) - d[1]*(P[:,0]-a[0])) / L
        ok = r < t
        if ok.sum() > best.sum():
            best, w = ok, ok.mean()
            N = min(N, np.log(1 - p) / np.log(1 - w*w))
    return best, k
```

`P` ಅಂದರೆ ಬಿಂದುಗಳ ಪಟ್ಟಿ, ಮೀಟರ್‌ನಲ್ಲಿ. `t` ಮಿತಿ, `dmin` ಕನಿಷ್ಠ ಅಂತರ. `r` ಗೆರೆಗೆ ಲಂಬವಾಗಿ ಇರುವ ದೂರ. 5000 ಅನ್ನೋದು ಯಾವ ಗೆರೆಯೂ ಸಿಗದಿದ್ದರೆ ಪ್ರೋಗ್ರಾಂ ರಾತ್ರಿಯೆಲ್ಲ ಓಡದಿರಲಿ ಅಂತ ಹಾಕಿದ ಕಡಿವಾಣ.

ಓಡಿಸಿದಾಗ ಆದದ್ದು ಹೀಗೆ. ಮೊದಲ ಸಲದ ಗೆರೆಗೆ 11 ಬಿಂದುಗಳ ಒಪ್ಪಿಗೆ. ಅದನ್ನು ನಂಬಿದರೆ ಹದಿಮೂರು ಸಾವಿರಕ್ಕೂ ಹೆಚ್ಚು ಸಲ ಬೇಕು, ಹಾಗಾಗಿ 5000ವೇ ಉಳಿಯಿತು. 9ನೇ ಸಲ 64 ಸಿಕ್ಕಿತು, `N` 403ಕ್ಕೆ ಇಳಿಯಿತು. 31ನೇ ಸಲ 118, `N` 117. 58ನೇ ಸಲ 141, `N` 82. ಆಮೇಲೆ 82ರವರೆಗೆ ಅದಕ್ಕಿಂತ ಒಳ್ಳೆಯದು ಬರಲಿಲ್ಲ, ನಿಂತಿತು. ಆ 64ನ್ನು, 118ನ್ನು ನೋಡಿ. ಅವೂ ಎಡ ಹಳಿಯ ಶುದ್ಧ ಜೋಡಿಗಳೇ, ಓರೆ ಸ್ವಲ್ಪ ತಪ್ಪಿದ್ದರಿಂದ ಒಂದು ತುದಿಯ ಬಿಂದುಗಳು ಕೈತಪ್ಪಿದ್ದವು. ಸರಿಯಾದ ಹಳಿ ಸಿಕ್ಕರೂ ಎಣಿಕೆ ಕಡಿಮೆ ಬಂದಿದ್ದರಿಂದ `N` ದೊಡ್ಡದಾಗೇ ಉಳೀತು, ಪ್ರೋಗ್ರಾಂ ಹುಡುಕುತ್ತಾ ಹೋಯಿತು. ಈ ವಿಧಾನದಲ್ಲಿ ನನಗೆ ಇಷ್ಟ ಆಗೋದು ಇದು: ತಪ್ಪಿದರೆ ಹೆಚ್ಚು ಕೆಲಸ ಮಾಡುವ ಕಡೆಗೆ ತಪ್ಪುತ್ತೆ.

141 ಅನ್ನೋದು ನಿಜವಾದ ಗೆರೆಯೋ, ಕಾಕತಾಳೀಯವೋ? ಇದಕ್ಕೂ ಲೆಕ್ಕ ಇದೆ. ಅಡ್ಡಾದಿಡ್ಡಿ 320 ಬಿಂದುಗಳು 6 ಮೀಟರ್ ಅಗಲದಲ್ಲಿ ಹರಡಿವೆ. ನಮ್ಮ ಗೆರೆಯ ಎರಡೂ ಪಕ್ಕ 3 ಸೆಂಟಿಮೀಟರ್ ಸೇರಿ 6 ಸೆಂಟಿಮೀಟರ್ ಪಟ್ಟಿ, ಅಂದರೆ ನೂರರಲ್ಲಿ ಒಂದು ಪಾಲು. ಸುಮ್ಮನೆ ಹೋದ ಉದ್ದ ಗೆರೆಗೆ ಮೂರು ನಾಲ್ಕು ಬಿಂದು ಸಿಗಬೇಕು, ಅದೃಷ್ಟ ಚೆನ್ನಾಗಿದ್ದರೆ ಹತ್ತು ಹನ್ನೆರಡು. 141 ಎಲ್ಲಿ, ಹನ್ನೆರಡು ಎಲ್ಲಿ! ನಿಮ್ಮ ಗೆದ್ದ ಎಣಿಕೆ ಈ ಆಕಸ್ಮಿಕ ಎಣಿಕೆಗಿಂತ ಎರಡು ಪಟ್ಟೋ ಮೂರು ಪಟ್ಟೋ ಮಾತ್ರ ಇದ್ದರೆ ಅನುಮಾನ ಪಡಿ.

ಇಲ್ಲಿಗೆ ಕೆಲಸ ಮುಗಿದಿಲ್ಲ. 58ನೇ ಸಲದ ಗೆರೆ ಎರಡೇ ಬಿಂದುಗಳ ಮೇಲೆ ನಿಂತಿದೆ. ಒಪ್ಪಿದ 141 ಬಿಂದುಗಳಿಗೆ ಈಗ ಲೀಸ್ಟ್ ಸ್ಕ್ವೇರ್ಸ್ ಹಾಕಬೇಕು. ಹೌದು, ಆಗ ಬೈದ ಅದೇ ಲೀಸ್ಟ್ ಸ್ಕ್ವೇರ್ಸ್. ಹೊರಗಿನವರನ್ನು ಕಳಿಸಿದ ಮೇಲೆ ಅದಕ್ಕಿಂತ ಒಳ್ಳೆ ಸಾಧನ ಇಲ್ಲ. ಹಳಿಯ ಗೆರೆ ಚಿತ್ರದಲ್ಲಿ ಯಾವ ಕಡೆಗೂ ತಿರುಗಿರಬಹುದಾದ್ದರಿಂದ, ಇಲ್ಲೂ ದೂರವನ್ನು ಗೆರೆಗೆ ಲಂಬವಾಗಿಯೇ ಅಳೆಯಬೇಕು. ಹೊಸ ಗೆರೆಗೆ ಮತ್ತೆ ಎಣಿಸಿದಾಗ 146 ಬಂತು. 150ರಲ್ಲಿ ತೊಂಬತ್ತೈದು ಪರ್ಸೆಂಟ್ 142, ಜೊತೆಗೆ ಪಟ್ಟಿಯೊಳಗೆ ಸಿಕ್ಕಿಬಿದ್ದ ಮೂರು ನಾಲ್ಕು ಹುಲ್ಲಿನ ಬಿಂದು. ಲೆಕ್ಕ ಕೂಡುತ್ತೆ.

ಆ 146ನ್ನು ತೆಗೆದಿಟ್ಟು ಉಳಿದ 454ರ ಮೇಲೆ ಮತ್ತೆ ಓಡಿಸಿದರೆ ಬಲ ಹಳಿ ಸಿಕ್ಕಿತು, 126 ಒಪ್ಪಿಗೆ. ಎರಡು ಗೆರೆಗಳ ನಡುವಿನ ಅಂತರ ಒಂದು ತುದಿಯಲ್ಲಿ 1.43, ಇನ್ನೊಂದು ತುದಿಯಲ್ಲಿ 1.44 ಮೀಟರ್. ಗೇಜ್ 1.435 ಇರಬೇಕು ಅಂತ ನಾವು ಪ್ರೋಗ್ರಾಂಗೆ ಹೇಳಿಯೇ ಇರಲಿಲ್ಲ. ಇಂಥ ಹೊರಗಿನ ಸಾಕ್ಷಿ ಸಿಕ್ಕರೆ ಬಿಡಬೇಡಿ, ಯಾವ ಸೂತ್ರಕ್ಕಿಂತಲೂ ಅದು ಮೇಲು. ಮೂರನೇ ಸಲ ಓಡಿಸಿದಾಗ 41 ಒಪ್ಪಿಗೆಯ ಇನ್ನೊಂದು ಗೆರೆ ಬಂತು, ಹಳಿಗೆ ಓರೆಯಾಗಿ. ಅದು ಕಾಲುದಾರಿಯ ಅಂಚು. ನಿಜವಾದ ನೇರ ಗೆರೆಯೇ, ಹಳಿ ಅಲ್ಲ ಅಷ್ಟೇ. ರ‍್ಯಾನ್ಸ್ಯಾಕ್ ಹುಡುಕೋದು ನೇರವಾಗಿರೋದನ್ನು. ಅದು ಏನು ಅನ್ನೋದನ್ನು ನಾವೇ ಹೇಳಬೇಕು.

ಮುಚ್ಚಿಹೋದ 12 ಮೀಟರ್ ದಾಟಿದ ಮೇಲೆ ಹಳಿ ಮತ್ತೆ ಹುಲ್ಲಿನಿಂದ ಮೇಲೆ ಬರುತ್ತೆ. ಅಲ್ಲಿ ಟೇಪ್ ಹಿಡಿದು ನೋಡಿದ್ವಿ. ಎರಡೇ ಬಿಂದುವಿನ ಕಚ್ಚಾ ಗೆರೆಯನ್ನು ಮುಂದುವರಿಸಿದರೆ 6 ಸೆಂಟಿಮೀಟರ್ ತಪ್ಪು, ಮರುಹೊಂದಿಸಿದ ಗೆರೆ 2 ಸೆಂಟಿಮೀಟರ್ ಒಳಗೆ. 600ಕ್ಕೂ ಒಟ್ಟಿಗೆ ಎಳೆದ ಮೊದಲಿನ ಗೆರೆ ಅಷ್ಟು ಹೊತ್ತಿಗೆ ಬಲ ಹಳಿಯ ಹತ್ತಿರ ಹೋಗಿ ಸೇರಿತ್ತು.

ಕೊನೆಯದಾಗಿ ತಿರುವುಗಳ ಮಾತು. ಮೈದಾನದ ಈ ತುಣುಕು ನೇರ, ಅದಕ್ಕೇ ಇದೆಲ್ಲ ನಡೆಯಿತು. ಲೈನ್ ತಿರುಗುವ ಕಡೆ ಇದೇ ಕೋಡ್ ಓಡಿಸಿದರೆ ಅದು ದೂರು ಹೇಳಲ್ಲ, ತಿರುವಿಗೆ ತಾಗಿದ ಒಂದು ನೇರ ತುಂಡನ್ನು ಹುಡುಕಿ ಕೊಡುತ್ತೆ. ಗೊತ್ತಾಗೋದು ಹೇಗೆ ಅಂದರೆ, ಒಪ್ಪಿದ ಬಿಂದುಗಳು ದಾರಿಯ ಉದ್ದಕ್ಕೂ ಹರಡಿವೆಯಾ ಅಂತ ನೋಡಿ. ನಮ್ಮ 146 ಬಿಂದುಗಳು 30 ಮೀಟರ್ ಉದ್ದಕ್ಕೂ ಇದ್ದವು. ಎಲ್ಲವೂ 10ರಿಂದ 20 ಮೀಟರ್ ನಡುವೆಯೇ ಗುಂಪಾಗಿ, ಎರಡು ತುದಿಗಳಲ್ಲಿ ಯಾರೂ ಇಲ್ಲದಿದ್ದರೆ ಅದು ಬಾಗಿದ ಹಳಿ. ಸೀಡ್ ಬದಲಾಯಿಸಿ ಹತ್ತು ಸಲ ಓಡಿಸಿ, ಪ್ರತಿ ಸಲವೂ ಗೆರೆ ಎರಡು ತುದಿಯಲ್ಲಿ ಎಲ್ಲಿ ಬಿತ್ತು ಅಂತ ಬರೆದುಕೊಳ್ಳಿ. ನೇರ ಹಳಿಯಲ್ಲಿ ಹತ್ತೂ ಒಂದೆರಡು ಸೆಂಟಿಮೀಟರ್ ಒಳಗೆ ಬರುತ್ತವೆ, ತಿರುವಿನಲ್ಲಿ ಹತ್ತು ಸಲಕ್ಕೆ ಹತ್ತು ಬೇರೆ ಬೇರೆ ಕಡೆ ತಾಗುತ್ತವೆ. ಅಂಥ ಕಡೆ ಸಲಗಳ ಸಂಖ್ಯೆ ಹೆಚ್ಚಿಸಿ ಪ್ರಯೋಜನ ಇಲ್ಲ. ವೃತ್ತದ ಕಮಾನು ಹೊಂದಿಸಬೇಕು, ಅದಕ್ಕೆ ಮೂರು ಬಿಂದು ಎತ್ತಬೇಕು, ಆಗ `w` ಕಾಲೇ ಇದ್ದರೆ 72 ಹೋಗಿ 293 ಆಗುತ್ತೆ. ಖಿದಿರ್‌ಪುರದ ಕಡೆಯ ತಿರುವಿನ ಫೋಟೋಗಳನ್ನು ಇನ್ನೂ ಜೋಡಿಸುತ್ತಿದ್ದೇವೆ, ಅದನ್ನು ಮುಂದಿನ ಸಲ ತೋರಿಸ್ತೀನಿ.